ಉತ್ತರ 45 ಸರಿ, ಆದರೂ ಪುಟದಲ್ಲಿ ಎರಡು ತಪ್ಪು

ಪ್ರಶ್ನೆ: ನಾನು ಬನಶಂಕರಿಯಲ್ಲಿ ಮನೆಯಲ್ಲೇ ಹತ್ತನೇ ಕ್ಲಾಸಿನವರಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಮಕ್ಕಳು ರಾತ್ರಿ ಹೋಂವರ್ಕ್ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಒಬ್ಬ ಹುಡುಗಿಯ ಪುಟದಲ್ಲಿ, ಬ್ರಾಕೆಟ್ ಬಿಡಿಸುವಾಗ ಸೈನ್ ತಪ್ಪಿದೆ ಅಂತ ಗುರುತು ಹಾಕಿದೆ. ಅವಳು "ಅಲ್ಲಿ ತಪ್ಪಿಲ್ಲ ಮಿಸ್" ಅಂತ ಹಠ ಹಿಡಿದಿದ್ದಾಳೆ. ಉತ್ತರವೂ ಪುಸ್ತಕದಲ್ಲಿರುವ ಹಾಗೇ ಬಂದಿದೆ. ಫೋಟೊ ಕಳಿಸಿದ್ದೇನೆ. ಯಾರು ಸರಿ? ಇಂಥ ಫೋಟೊ ಓದಿ ತಿದ್ದುವುದು ಹೇಗೆ?

ಉತ್ತರ: ಆ ಸಾಲಿನ ಮಟ್ಟಿಗೆ ಹುಡುಗಿಯೇ ಸರಿ. ಆದರೆ ಪುಟದಲ್ಲಿ ಬೇರೆ ಎರಡು ತಪ್ಪುಗಳಿವೆ. ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕಿದೆ. ಅದಕ್ಕೇ ಕೊನೆಯಲ್ಲಿ ಸರಿ ಉತ್ತರ ಬಂದಿದೆ.

ನಿಮ್ಮ ಫೋಟೊವನ್ನು ನಾನು ಮೊದಲು ಒಂದು ಹಾಳೆಗೆ ಇಳಿಸಿಕೊಂಡೆ. ಲೆಕ್ಕ ಹೀಗಿದೆ: ಒಂದು ಬಸ್ಸು 180 ಕಿ.ಮೀ. ಹೋಗಬೇಕು. ಅದರ ವೇಗ ಗಂಟೆಗೆ 15 ಕಿ.ಮೀ. ಜಾಸ್ತಿ ಇದ್ದಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗ ಎಷ್ಟು? ಹುಡುಗಿ ವೇಗವನ್ನು x ಎಂದು ಇಟ್ಟುಕೊಂಡಿದ್ದಾಳೆ. ಅವಳ ಸಾಲುಗಳು ಇವು:

```
1)  180/(x+15) − 180/x = 1
2)  180x − 180(x+15) = x(x+15)
3)  180x − 180x ? 2700 = x² + 15x
4)  x² + 15x − 2700 = 0
5)  x² + 60x − 45x − 2700 = 0
6)  x(x+60) − 45(x+60) = 0
7)  x = 45,  x = −60
```

ಮೂರನೇ ಸಾಲಿನಲ್ಲಿ ನಾನು ಪ್ರಶ್ನೆಯ ಗುರುತು ಹಾಕಿದ್ದೇನಲ್ಲ, ಜಗಳ ಇರುವುದು ಅಲ್ಲೇ. ನೀವು ಅದನ್ನು ಪ್ಲಸ್ ಎಂದು ಓದಿದಿರಿ. ಅದು ಪ್ಲಸ್ ಆಗಿದ್ದರೆ ನಿಮ್ಮ ಗುರುತು ಸರಿ. ಬ್ರಾಕೆಟ್‌ನ ಹಿಂದೆ ಮೈನಸ್ ಇದೆ, ಒಳಗಿನ 15ನ್ನು 180ರಿಂದ ಗುಣಿಸಿದಾಗ −2700 ಬರಬೇಕಿತ್ತು. ಆದರೆ ಅವಳು ಬರೆದದ್ದು ಪ್ಲಸ್ಸೇ ಹೌದಾ ಎನ್ನುವುದು ಮೊದಲು ತೀರ್ಮಾನ ಆಗಬೇಕು.

ನಾನು ಪುಟವನ್ನು ಇಳಿಸಿಕೊಳ್ಳುವುದು ಕೆಳಗಿನ ಸಾಲಿನಿಂದ ಮೇಲಕ್ಕೆ. ಏಳನೇ ಸಾಲು ಮೊದಲು, ಆಮೇಲೆ ಆರು, ಹೀಗೆ. ಮೇಲಿನಿಂದ ಓದುತ್ತಾ ಬಂದರೆ ನಮಗೆ ಮುಂದಿನ ಸಾಲು ಏನಿರಬೇಕು ಅಂತ ಮೊದಲೇ ಗೊತ್ತಿರುತ್ತೆ. ಆಗ ಕಣ್ಣು ಹಾಳೆಯಲ್ಲಿರುವುದನ್ನು ಬಿಟ್ಟು, ಇರಬೇಕಾದದ್ದನ್ನು ಓದಿಬಿಡುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನಿಂದ ಹೀಗೇ ಒಂದು ಅನ್ಯಾಯ ಆಯಿತು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಬ್ಬ ಹುಡುಗ ಒಂದು ಸಾಲಿನಲ್ಲಿ x ಬಿಟ್ಟಿದ್ದ. ಅಕ್ಷರ ಒತ್ತೊತ್ತಾಗಿತ್ತು, ಅಲ್ಲಿ x ಇದೆ ಎಂದೇ ಓದಿ ಪೂರ್ತಿ ಅಂಕ ಕೊಟ್ಟೆ. ಇನ್ನೊಬ್ಬ ಅದೇ ತಪ್ಪನ್ನು ದುಂಡಾದ ಅಕ್ಷರದಲ್ಲಿ ಮಾಡಿದ್ದ, ಕಾಣಿಸಿತು, ಒಂದು ಅಂಕ ಕಳೆದೆ. ಇಬ್ಬರೂ ಒಂದೇ ಬೆಂಚಿನವರು. ಎರಡು ಪೇಪರ್ ಪಕ್ಕಪಕ್ಕ ಇಟ್ಟು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಚೆನ್ನಾಗಿ ಬರೆದವನಿಗೆ ಅಂಕ ಹೋಗಿತ್ತು. ಅವತ್ತಿನಿಂದ ಓದುವ ಕೆಲಸ ಬೇರೆ, ತಿದ್ದುವ ಕೆಲಸ ಬೇರೆ ಅಂತ ಇಟ್ಟುಕೊಂಡಿದ್ದೇನೆ. ಓದುವಾಗ ಸರಿ ತಪ್ಪು ನೋಡುವುದಿಲ್ಲ. ತಪ್ಪು ಕಂಡರೂ ಇದ್ದ ಹಾಗೇ ಇಳಿಸುತ್ತೇನೆ. ಅನುಮಾನ ಇದ್ದ ಕಡೆ ಊಹಿಸದೆ ಪ್ರಶ್ನೆಯ ಗುರುತು ಹಾಕುತ್ತೇನೆ.

ಈಗ ಆ ಚಿಹ್ನೆಗೆ ಬರೋಣ. ಫೋಟೊವನ್ನು ಪೂರ್ತಿ ದೊಡ್ಡದು ಮಾಡಿ ಮೂರನೇ ಸಾಲು ನೋಡಿ. ಅವಳು 180x ಮತ್ತು −180x ಎರಡನ್ನೂ ಓರೆ ಗೀಟು ಎಳೆದು ಹೊಡೆದುಹಾಕಿದ್ದಾಳೆ. ಎರಡನೇ ಗೀಟು ಉದ್ದ ಇದೆ. ಎಡಗಡೆ ಕೆಳಗಿನಿಂದ ಶುರುವಾಗಿ, ಬಲಗಡೆ ಮೇಲಕ್ಕೆ ಹೋಗಿ, ಪಕ್ಕದ ಚಿಹ್ನೆಯ ಮೇಲೆ ಹಾದು ನಿಂತಿದೆ. ನಿಮಗೆ ಪ್ಲಸ್‌ನ ನಿಂತ ಗೆರೆಯ ಹಾಗೆ ಕಂಡದ್ದು ಆ ಗೀಟಿನ ಬಾಲ. ಹೇಗೆ ಹೇಳುತ್ತೇನೆ ಅಂದರೆ, ಇದೇ ಪುಟದಲ್ಲಿ ಅವಳ ಬೇರೆ ಪ್ಲಸ್‌ಗಳಿವೆ. ಐದನೇ ಸಾಲಿನ 60xನ ಹಿಂದಿನದು, ಆರನೇ ಸಾಲಿನ ಎರಡು ಬ್ರಾಕೆಟ್‌ಗಳ ಒಳಗಿನವು. ಎಲ್ಲದರಲ್ಲೂ ನಿಂತ ಗೆರೆ ನೆಟ್ಟಗಿದೆ, ಅಡ್ಡ ಗೆರೆಯನ್ನು ಸರಿಯಾಗಿ ನಡುವೆ ಕತ್ತರಿಸುತ್ತದೆ, ಕೆಳಗೂ ಅಷ್ಟೇ ಇಳಿಯುತ್ತದೆ. ಮೂರನೇ ಸಾಲಿನದು ಓರೆ ಇದೆ. ಬಲತುದಿಯ ಹತ್ತಿರ ಕತ್ತರಿಸುತ್ತದೆ. ಅದರ ಕೆಳಗಿನ ತುದಿ ಹಿಂದಿನ ಗೀಟಿಗೆ ಸೇರಿಕೊಂಡಿದೆ. ಹಾಗಾಗಿ ಅವಳು ಬರೆದದ್ದು −2700. ಬ್ರಾಕೆಟ್ ಬಿಡಿಸಿದ್ದು ಸರಿಯಾಗಿಯೇ ಇದೆ.

ಒಂದು ಅಕ್ಷರವನ್ನು ಅದೇ ಮಗುವಿನ ಅದೇ ಪುಟದ ಇನ್ನೊಂದು ಅಕ್ಷರದ ಜೊತೆ ಹೋಲಿಸಬೇಕು. ನಮ್ಮ ಕೈಬರಹದ ಜೊತೆ ಹೋಲಿಸಿದರೆ ಪ್ರಯೋಜನ ಇಲ್ಲ. ಇದಕ್ಕೆ ಪ್ರಶ್ನೆಯಿಂದಲೇ ಸಹಾಯ ಸಿಗುತ್ತದೆ. ಲೆಕ್ಕದಲ್ಲಿ ಕೊಟ್ಟಿರುವ ಸಂಖ್ಯೆಗಳು 180 ಮತ್ತು 15. ಅಂದರೆ ಒಂದನೇ ಸಾಲಿನಲ್ಲೇ ಅವಳ 1, 8, 0, 5 ಹೇಗಿರುತ್ತವೆ ಎಂದು ಅನುಮಾನವೇ ಇಲ್ಲದೆ ಗೊತ್ತಾಯಿತು. ಅವಳ 1ಕ್ಕೆ ತಲೆಯಲ್ಲಿ ಸಣ್ಣ ಕೊಕ್ಕೆ ಇಲ್ಲ, ಬರೀ ನೆಟ್ಟ ಗೀಟು. ಹಾಗಾದರೆ 2700ರಲ್ಲಿ ತಲೆ ಬಾಗಿದ ಅಂಕೆ 7 ಇರಬೇಕು. ನೀವು ಅದನ್ನು 2100 ಎಂದು ಓದಿಲ್ಲ, ಒಳ್ಳೆಯದು. ಆದರೆ ಅರ್ಧ ಬೆಳಕಿನಲ್ಲಿ ತೆಗೆದ ಫೋಟೊಗಳಲ್ಲಿ ಜಾಸ್ತಿ ಮೋಸ ಮಾಡುವುದು ಇದೇ ಜೋಡಿ. ಕೊಕ್ಕೆ ಇಟ್ಟು 1 ಬರೆಯುವ ಮಕ್ಕಳಲ್ಲಂತೂ ಅವರೇ ಮುಂದಿನ ಸಾಲಿಗೆ ಇಳಿಸುವಾಗ 1ನ್ನು 7 ಮಾಡಿಬಿಡುತ್ತಾರೆ. ಆಗ ಮೇಲಿನ ಸಾಲಿನ ಪ್ರಕಾರ ಲೆಕ್ಕ ಮಾಡಿದರೆ 1 ಬರುತ್ತೆ, ಕೆಳಗಿನ ಸಾಲಿನ ಪ್ರಕಾರ 7 ಬರುತ್ತೆ. ಎರಡು ಕಡೆಯ ಲೆಕ್ಕ ಹೊಂದದೆ ಹೋದರೆ ಮಗುವೇ ತನ್ನ ಅಕ್ಷರವನ್ನು ತಪ್ಪಾಗಿ ಓದಿಕೊಂಡಿದೆ ಎಂದು ತಿಳಿಯಿರಿ. ಅದನ್ನು ಲೆಕ್ಕದ ತಪ್ಪು ಅಂತ ಪಾಠ ಮಾಡಲು ಹೋಗಬೇಡಿ. 7ಕ್ಕೆ ನಡುವೆ ಒಂದು ಅಡ್ಡ ಗೀಟು ಹಾಕು ಅಂತ ಹೇಳಿದರೆ ಸಾಕು.

ಇನ್ನು ತಿದ್ದುವ ಕೆಲಸ. ಉತ್ತರ 45 ಅಂತ ಗೊತ್ತಿದೆಯಲ್ಲ, ಆ 45ನ್ನು ಪ್ರತಿ ಸಾಲಿನಲ್ಲೂ xನ ಜಾಗದಲ್ಲಿ ಹಾಕಿ ನೋಡಿ. ಎರಡು ಪಕ್ಕ ಸಮ ಬಂದರೆ ಆ ಸಾಲು 45ಕ್ಕೆ ಒಪ್ಪುತ್ತದೆ, ಇಲ್ಲದಿದ್ದರೆ ಇಲ್ಲ. ಒಪ್ಪದ ಸಾಲಿನಿಂದ ಒಪ್ಪುವ ಸಾಲಿಗೆ ಎಲ್ಲಿ ದಾಟುತ್ತದೋ ಅಲ್ಲಿ ಒಂದು ತಪ್ಪು ಇದ್ದೇ ಇರುತ್ತದೆ.

ಒಂದನೇ ಸಾಲು: 180ನ್ನು 60ರಿಂದ ಭಾಗಿಸಿದರೆ 3, 45ರಿಂದ ಭಾಗಿಸಿದರೆ 4. 3 − 4 ಅಂದರೆ −1. ಬಲಗಡೆ 1 ಇದೆ. ಒಪ್ಪಲಿಲ್ಲ. ಎರಡನೇ ಸಾಲು: 8100 − 10800, ಅಂದರೆ −2700. ಬಲಗಡೆ 45 × 60, ಅಂದರೆ 2700. ಒಪ್ಪಲಿಲ್ಲ. ಮೂರನೇ ಸಾಲಿನಲ್ಲಿ ಮೈನಸ್ ಇಟ್ಟರೆ ಎಡಗಡೆ −2700, ಬಲಗಡೆ 2025 + 675, ಅಂದರೆ 2700. ಇದೂ ಒಪ್ಪಲಿಲ್ಲ. ನಾಲ್ಕನೇ ಸಾಲು: 2025 + 675 − 2700, ಸೊನ್ನೆ. ಒಪ್ಪಿತು. ಅಲ್ಲಿಂದ ಕೆಳಗೆ ಎಲ್ಲ ಸಾಲೂ ಒಪ್ಪುತ್ತವೆ.

ಈಗ ನೋಡಿ. ತಪ್ಪು ಮೂರರಿಂದ ನಾಲ್ಕಕ್ಕೆ ಇಳಿಯುವಾಗ ಆಗಿದೆ. −2700ನ್ನು ಸಮ ಚಿಹ್ನೆಯ ಆ ಕಡೆ ತಂದಾಗ +2700 ಆಗಬೇಕಿತ್ತು. ಅವಳು ಮೈನಸ್ ಅನ್ನು ಹಾಗೇ ಎತ್ತಿಕೊಂಡು ಹೋಗಿದ್ದಾಳೆ. ನೀವು ಓದಿದ ಹಾಗೆ ಅದು ಪ್ಲಸ್ ಆಗಿದ್ದರೆ ಮೂರನೇ ಸಾಲೇ 45ಕ್ಕೆ ಒಪ್ಪುತ್ತಿತ್ತು, ದಾಟುವ ಜಾಗ ಎರಡು ಮತ್ತು ಮೂರರ ನಡುವೆ ಬರುತ್ತಿತ್ತು. ಹೇಗೆ ಓದಿದರೂ ಒಂದು ಸೈನ್ ತಪ್ಪು ಇದ್ದೇ ಇದೆ. ಅದು ಯಾವ ಸಾಲಿನದು ಎಂಬುದನ್ನು ಮಾತ್ರ ಓದು ತೀರ್ಮಾನಿಸುತ್ತದೆ. ಆದರೆ ಮಗುವಿಗೆ ಆ ವ್ಯತ್ಯಾಸ ದೊಡ್ಡದು. ಬ್ರಾಕೆಟ್ ಬಿಡಿಸಲು ಬರುವ ಹುಡುಗಿಗೆ ನೀವು ಬ್ರಾಕೆಟ್ ಬಿಡಿಸುವುದನ್ನು ಹೇಳಿಕೊಡಲು ಹೊರಟಿದ್ದಿರಿ. ಅವಳಿಗೆ ಬೇಕಾದದ್ದು ಆ ಕಡೆಯಿಂದ ಈ ಕಡೆಗೆ ತರುವ ಪಾಠ.

ಇನ್ನೊಂದು ತಪ್ಪು ಇದಕ್ಕಿಂತ ಮುಖ್ಯ. ಒಂದನೇ ಸಾಲೇ 45ಕ್ಕೆ ಒಪ್ಪಲಿಲ್ಲ, ಅಲ್ವಾ? ಅದರ ಮೇಲೆ ಬೇರೆ ಸಾಲಿಲ್ಲ, ಲೆಕ್ಕದ ಮಾತು ಮಾತ್ರ ಇದೆ. ಅಂದರೆ ಮಾತಿನಿಂದ ಸಮೀಕರಣಕ್ಕೆ ಬರುವಾಗಲೇ ಎಡವಿದ್ದಾಳೆ. ವೇಗ ಜಾಸ್ತಿ ಆದರೆ ಸಮಯ ಕಡಿಮೆ ಆಗುತ್ತೆ. ಆದ್ದರಿಂದ 180/x ದೊಡ್ಡದು, 180/(x+15) ಚಿಕ್ಕದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 1 ಗಂಟೆ ಬರಬೇಕು. ಅವಳು ಚಿಕ್ಕದರಲ್ಲಿ ದೊಡ್ಡದನ್ನು ಕಳೆದಿದ್ದಾಳೆ. x+15 ದೊಡ್ಡದಾಗಿ ಕಾಣುವುದರಿಂದ 180/(x+15) ಕೂಡ ದೊಡ್ಡದು ಎಂದುಕೊಂಡಿರಬಹುದು, ಇದು ಮಕ್ಕಳಲ್ಲಿ ತುಂಬಾ ಇದೆ. ಆ ಉಲ್ಟಾ ಸೈನ್ ಅನ್ನು ನಾಲ್ಕನೇ ಸಾಲಿನ ಉಲ್ಟಾ ಸೈನ್ ಸರಿ ಮಾಡಿಬಿಟ್ಟಿತು. ಎರಡನೇ ತಪ್ಪು ಆಗದಿದ್ದರೆ ಅವಳಿಗೆ x² + 15x + 2700 = 0 ಬರುತ್ತಿತ್ತು. ಅದರ ಶೋಧಕ 225 − 10800, ಋಣ ಸಂಖ್ಯೆ. ವಾಸ್ತವ ಮೂಲಗಳೇ ಇಲ್ಲ. ಅಲ್ಲಿ ಸಿಕ್ಕಿಹಾಕಿಕೊಂಡು ಅವಳೇ ವಾಪಸ್ ಒಂದನೇ ಸಾಲಿಗೆ ಬಂದು ನೋಡುತ್ತಿದ್ದಳು. ಉತ್ತರ ಸರಿ ಬಂದದ್ದರಿಂದ ಆ ಅವಕಾಶ ತಪ್ಪಿತು. ಬೋರ್ಡ್ ಪರೀಕ್ಷೆಯಲ್ಲಿ ಹಂತ ಹಂತಕ್ಕೆ ಅಂಕ ಇರುವುದರಿಂದ ಅಲ್ಲೂ ಈ ಪುಟಕ್ಕೆ ಪೂರ್ತಿ ಅಂಕ ಸಿಗಬಾರದು.

45 ಹಾಕಿ ನೋಡುವ ಈ ಪರೀಕ್ಷೆ ಎಲ್ಲಾ ತಪ್ಪನ್ನೂ ಹಿಡಿಯುವುದಿಲ್ಲ. ಮಗು x² = 5x ಎಂದು ಬರೆದು, ಎರಡೂ ಕಡೆ xನಿಂದ ಭಾಗಿಸಿ x = 5 ಎಂದರೆ, 5 ಎರಡು ಸಾಲಿಗೂ ಒಪ್ಪುತ್ತದೆ. ಆದರೆ x = 0 ಕಳೆದುಹೋಯಿತು. ಅದಕ್ಕೇ ಭಾಗಾಕಾರ ಇರುವ ಕಡೆ ಮೇಲಿನ ಸಾಲಿನ ಎಲ್ಲಾ ಮೂಲಗಳೂ ಕೆಳಗೆ ಉಳಿದಿವೆಯಾ ಎಂದು ನೋಡಿ. ಎರಡು ಪಕ್ಕವನ್ನೂ ವರ್ಗ ಮಾಡಿದ ಕಡೆ ಇದರ ತಿರುಗು ಮುರುಗು, ಕೆಳಗೆ ಹೊಸ ಮೂಲ ಸೇರಿಕೊಂಡಿರಬಹುದು.

ಉತ್ತರ ಇಲ್ಲದೆ ಬರೀ ಬಿಡಿಸಿ ಬರೆದ ಹಂತ ನೋಡುವಾಗ xಗೆ ನೀವೇ ಒಂದು ಬೆಲೆ ಕೊಡಬೇಕಾಗುತ್ತದೆ. ಆಗ 0, 1, 2 ಬೇಡ. ಯಾಕೆ ಅಂತ ಇದೇ ಪುಟದಲ್ಲಿ ತೋರಿಸುತ್ತೇನೆ. ಮೂರನೇ ಸಾಲಿನ ಬಲಗಡೆ x²ನ 2 ಸ್ವಲ್ಪ ಕೆಳಗೆ ಜಾರಿದೆ. ಅದು x² ಹೌದಾ, ಅಥವಾ x ಪಕ್ಕದಲ್ಲಿ 2 ಬರೆದು ಗುಣಾಕಾರ ಮಾಡಿದ್ದಾಳಾ? x(x+15)ನಲ್ಲಿ 2 ಹಾಕಿದರೆ 34. x² + 15xನಲ್ಲಿ 2 ಹಾಕಿದರೂ 34. ತಪ್ಪಾಗಿ 2x + 15x ಎಂದು ಓದಿ 2 ಹಾಕಿದರೂ 34! ಎರಡರ ವರ್ಗವೂ 4, ಎರಡರ ಎರಡರಷ್ಟೂ 4. ಅದೇ 10 ಹಾಕಿ. x(x+15)ಗೆ 250, x² + 15xಗೆ 250, 2x + 15xಗೆ 170. ತಕ್ಷಣ ಬೇರೆಯಾಯಿತು. ನಾನು ಯಾವಾಗಲೂ 10 ಅಥವಾ 3 ಹಾಕುತ್ತೇನೆ. ಆದರೆ ಬೆಲೆ ಹೊಂದಿತು ಅಂದ ಮಾತ್ರಕ್ಕೆ ಅವಳು ಹಾಗೇ ಬರೆದಿದ್ದಾಳೆ ಎಂದು ತೀರ್ಮಾನಿಸಬೇಡಿ, ಮಕ್ಕಳು ತಪ್ಪನ್ನೂ ಬರೆಯುತ್ತಾರಲ್ಲ. ಅಕ್ಷರದ ಆಕಾರ ಮೊದಲು, ಲೆಕ್ಕ ಆಮೇಲೆ. ಆಕಾರದಿಂದ ಗೊತ್ತಾಗದೇ ಹೋದಾಗ ಮಾತ್ರ ಲೆಕ್ಕಕ್ಕೆ ಮಾತಾಡಲು ಬಿಡಿ.

ಒಂದನೇ ಸಾಲಿನಲ್ಲಿ ಇನ್ನೊಂದು ವಿಷಯ ಇದೆ. ಭಿನ್ನರಾಶಿಯ ಅಡ್ಡ ಗೆರೆಯನ್ನು ಅವಳು ಚಿಕ್ಕದಾಗಿ ಎಳೆದಿದ್ದಾಳೆ. 180ರ ಕೆಳಗೆ x ಮಾತ್ರ ಗೆರೆಯಡಿ ಬಂದು, +15 ಹೊರಗೆ ನಿಂತ ಹಾಗಿದೆ. ಹೊರಗೆ ಎಂದು ಓದಿದರೆ ಲೆಕ್ಕವೇ ಬೇರೆ. ಇಲ್ಲಿ ನೋಡಬೇಕಾದದ್ದು ಎತ್ತರ. +15 ಗೆರೆಯ ಮಟ್ಟದಲ್ಲಿದ್ದರೆ ಅದು ಹೊರಗಿನದು, xನ ಮಟ್ಟದಲ್ಲಿದ್ದರೆ ಛೇದದ ಒಳಗಿನದು. ಅವಳದು xನ ಸಮಕ್ಕೆ ಕೆಳಗಿದೆ. ಎರಡನೇ ಸಾಲಿನ x(x+15) ಕೂಡ ಅದನ್ನೇ ಹೇಳುತ್ತದೆ. ಆದ್ದರಿಂದ ನಾನು ಇಳಿಸುವಾಗ ಬ್ರಾಕೆಟ್ ಹಾಕಿಕೊಂಡೆ. ಅವಳಿಗೆ ಇದಕ್ಕೆ ಅಂಕ ಕಳೆಯಬೇಡಿ, ಆದರೆ ಗೆರೆ ಉದ್ದ ಎಳೆಯಲು ಹೇಳಿ.

ಆರನೇ ಸಾಲಿನಲ್ಲಿ 45ರ ಹಿಂದಿನ ಮೈನಸ್ ನೋಟ್‌ಬುಕ್ಕಿನ ನೀಲಿ ಗೆರೆಯ ಮೇಲೇ ಕೂತಿದೆ. ಫೋಟೊ ಚಿಕ್ಕದಾಗಿ ನೋಡಿದರೆ ಅದು ಇಲ್ಲವೇ ಇಲ್ಲ. ದೊಡ್ಡದು ಮಾಡಿದರೆ ಗೆರೆ ಅಲ್ಲಿ ಮಾತ್ರ ದಪ್ಪ ಆಗಿ, ಎರಡು ತುದಿಯಲ್ಲಿ ತಟ್ಟನೆ ನಿಲ್ಲುತ್ತದೆ. ಅದು ಪೆನ್ನಿನ ಗುರುತು. ಎರಡು ಪದಗಳ ನಡುವೆ ಅಷ್ಟು ಜಾಗ ಬಿಟ್ಟಿರುವುದೂ ಅಲ್ಲಿ ಏನೋ ಬರೆದಿದ್ದಾಳೆ ಎನ್ನುವುದಕ್ಕೆ ಸಾಕ್ಷಿ. ಮೈನಸ್ ಕಾಣದ ಕಡೆ ಯಾವಾಗಲೂ ಜಾಗ ಬಿಟ್ಟಿದೆಯಾ ನೋಡಿ.

ಫೋಟೊ ತೆಗೆಯುವ ಬಗ್ಗೆ ಎರಡು ಮಾತು. ಕೆಲವು ಮಕ್ಕಳು ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ಕಪ್ಪು ಬಿಳುಪು ಮಾಡಿ ಕಳಿಸುತ್ತಾರೆ. ನೋಡಲು ಚೊಕ್ಕವಾಗಿರುತ್ತೆ, ಓದಲು ಅದೇ ಅಪಾಯ. ತೆಳ್ಳಗಿನ ಮೈನಸ್, ದಶಮಾಂಶದ ಚುಕ್ಕೆ, ಪೆನ್ಸಿಲ್ ಗುರುತು ಅಳಿಸಿಹೋಗುತ್ತವೆ. ಹಾಳೆಯ ಹಿಂಬದಿಯಿಂದ ಮೂಡಿದ ಶಾಯಿ ಅಸಲಿ ಅಕ್ಷರದಷ್ಟೇ ಕಪ್ಪಾಗುತ್ತದೆ, ಮೈನಸ್ ಪ್ಲಸ್ ಆಗುವುದಕ್ಕೆ ಅಷ್ಟೇ ಸಾಕು. ನೀಲಿ ಗೆರೆಗೂ ನೀಲಿ ಪೆನ್ನಿಗೂ ಇದ್ದ ಬಣ್ಣದ ವ್ಯತ್ಯಾಸ ಹೋಗಿಬಿಡುತ್ತದೆ. ಬಣ್ಣದ ಫೋಟೊವನ್ನೇ ಕೇಳಿ. ವಾಟ್ಸಾಪ್ ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಮೊಬೈಲಿನ ನೆರಳು ಪುಟದ ಮೇಲೇ ಬೀಳುತ್ತದೆ. ದೀಪ ಪಕ್ಕದಲ್ಲಿ ಬರುವ ಹಾಗೆ ಕೂತು, ಹೊಲಿಗೆಯ ಹತ್ತಿರ ಹಾಳೆಯನ್ನು ಒತ್ತಿ ಹಿಡಿದು, ನೇರ ಮೇಲಿನಿಂದ ತೆಗೆದರೆ ಸಾಕು. ಬಲ ಅಂಚು ಪೂರ್ತಿ ಬಂದಿದೆಯಾ ಅಂತ ನೋಡಿಕೊಳ್ಳಲಿ. ಅಂಚಿನಲ್ಲಿ ಒಂದು ಸೊನ್ನೆ ಕತ್ತರಿಸಿಹೋದರೂ 2700 ಇದ್ದದ್ದು 270 ಆಗುತ್ತೆ.

ಇಷ್ಟಾದ ಮೇಲೂ ಒಂದು ಚಿಹ್ನೆ ಗೊತ್ತಾಗದಿದ್ದರೆ ಮಗುವನ್ನೇ ಕೇಳಿ. ಆದರೆ "ಇದು ಪ್ಲಸ್ಸಾ ಮೈನಸ್ಸಾ" ಎಂದು ಕೇಳಬೇಡಿ. ಹಾಗೆ ಕೇಳಿದರೆ ಯಾವುದು ಸರಿಯೋ ಅದನ್ನು ಯೋಚಿಸಿ ಹೇಳುತ್ತಾರೆ. ಸುಮ್ನೆ "ಮೂರನೇ ಸಾಲು ಓದಿ ವಾಯ್ಸ್ ಮೆಸೇಜ್ ಕಳಿಸು" ಅನ್ನಿ. ನಿಮ್ಮ ಕೆಂಪು ಗುರುತು ತೋರಿಸುವುದಕ್ಕೂ ಮೊದಲು ಕೇಳಿ. ಆಗ ಮಕ್ಕಳು ಸಾಮಾನ್ಯವಾಗಿ ತಾವು ಬರೆದದ್ದನ್ನು ಬರೆದ ಹಾಗೇ ಓದುತ್ತಾರೆ.

ಇವತ್ತು ಆ ಹುಡುಗಿಗೆ, ಮೂರನೇ ಸಾಲು ನಿಂದೇ ಸರಿ, ನಾನು ಗೀಟಿನ ಬಾಲವನ್ನು ಪ್ಲಸ್ ಅಂದುಕೊಂಡೆ ಎಂದು ಹೇಳಿಬಿಡಿ. ಆಮೇಲೆ ಒಂದನೇ ಸಾಲು ಮಾತ್ರ ತೋರಿಸಿ, xನ ಜಾಗದಲ್ಲಿ ಅವಳದೇ 45 ಹಾಕಲು ಹೇಳಿ. 3 − 4 = 1 ಎಂದು ಬರೆಯಬೇಕಾಗಿ ಬಂದಾಗ ಅವಳ ಕೈ ನಿಲ್ಲುತ್ತದೆ. 3 ಗಂಟೆ ಯಾವ ಬಸ್ಸಿನದು, 4 ಗಂಟೆ ಯಾವುದರದ್ದು ಎಂದು ಅಲ್ಲಿಂದ ಕೇಳುತ್ತಾ ಹೋಗಿ.